ಅಕ್ಟೋಬರ್ 14 ಅಥವಾ ವಿಜಯದಶಮಿ: ನಮ್ಮ ಹಬ್ಬದ ದಿನ ಯಾವುದು?



ಧಮ್ಮ ಬಂಧುಗಳೇ, ಇಂದಿನ ಚಿಂತನ ಸ್ವಲ್ಪ ಉದ್ದವಿದೆ. ಬಿಡುವಾದಾಗ ಓದಿ. "ಧರ್ಮಗಳಲ್ಲಿ ಪವಿತ್ರ ಕಾಲ" ಎಂಬ ವಿಚಾರ ಸಂಕಿರಣದಲ್ಲಿ ಮಾತನಾಡಲು ನನ್ನನ್ನು ಕರೆದಿದ್ದಾರೆ. ಭಾರತದ ಧರ್ಮಗಳಿಗೆ ಕಾಲ ಒಂದು ಚಕ್ರ, ಯಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳಿಗೆ ಕಾಲ ಒಂದು ನೇರ ಗೆರೆ ಎಂಬ ಹಳೆಯ ಮಾತಿನ ಮೇಲೆ ನಾನು ಹೇಳಬೇಕು. ಟಿಪ್ಪಣಿ ಮಾಡಿಕೊಳ್ಳುವಾಗ ಪದೇ ಪದೇ ನೆನಪಾದದ್ದು ನಮ್ಮ ಬಳಗದಲ್ಲೇ ಪ್ರತಿ ವರ್ಷ ಏಳುವ ಪ್ರಶ್ನೆ. ಧಮ್ಮಚಕ್ರ ಪ್ರವರ್ತನ ದಿನವನ್ನು ಅಕ್ಟೋಬರ್ 14ಕ್ಕೆ ಮಾಡಬೇಕೋ, ಅಶೋಕ ವಿಜಯದಶಮಿಗೆ ಮಾಡಬೇಕೋ? ಆ ಪ್ರಶ್ನೆಯನ್ನೇ ಹಿಡಿದು ಇಡೀ ವಿಷಯವನ್ನು ನೋಡಬಹುದು ಅನ್ನಿಸಿತು.

ಮೊದಲು ಆ ಒಂದು ದಿನವನ್ನೇ ತೆಗೆದುಕೊಳ್ಳೋಣ. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14, ಭಾನುವಾರ. ಆ ದಿನಕ್ಕೆ ನಮ್ಮ ಊರಿನ ಪಂಚಾಂಗ ಕೊಡುವ ಗುರುತು ಬೇರೆ: ಶಾಲಿವಾಹನ ಶಕೆ 1878, ದುರ್ಮುಖಿ ಸಂವತ್ಸರ, ಆಶ್ವಯುಜ ಶುದ್ಧ ದಶಮಿ. ಬುದ್ಧವರ್ಷದ ಲೆಕ್ಕದಲ್ಲಿ ಅದು 2500. ಅದೇ ವರ್ಷ ಮೇ 24ರ ವೈಶಾಖ ಪೂರ್ಣಿಮೆಯಂದು ಮಹಾಪರಿನಿಬ್ಬಾಣದ 2500ನೇ ವರ್ಷವನ್ನು ದೇಶವಿಡೀ ಆಚರಿಸಿದ್ದರು.

ಒಂದೇ ಭಾನುವಾರಕ್ಕೆ ಇಷ್ಟು ವಿಳಾಸಗಳು. ಇವುಗಳಲ್ಲಿ ಕೆಲವು ಮತ್ತೆ ಬರುತ್ತವೆ, ಕೆಲವು ಬರುವುದೇ ಇಲ್ಲ. ಭಾನುವಾರ ಏಳು ದಿನಕ್ಕೊಮ್ಮೆ ಬರುತ್ತದೆ. ದಶಮಿ ಪ್ರತಿ ತಿಂಗಳೂ ಬರುತ್ತದೆ, ಆಶ್ವಯುಜದ ದಶಮಿ ವರ್ಷಕ್ಕೊಮ್ಮೆ. ದುರ್ಮುಖಿ ಎಂಬ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, 2016ರಲ್ಲಿ ಬಂದು ಹೋಯಿತು. ಆದರೆ ಶಕೆ 1878 ಇನ್ನೆಂದೂ ಬರುವುದಿಲ್ಲ. ಬುದ್ಧವರ್ಷ 2500 ಬರುವುದಿಲ್ಲ. 1956 ಬರುವುದಿಲ್ಲ. ಅಂದರೆ ಗೋಡೆಗೆ ತೂಗುಹಾಕಿದ ಒಂದೇ ಕ್ಯಾಲೆಂಡರಿನಲ್ಲಿ ಚಕ್ರವೂ ಇದೆ, ಗೆರೆಯೂ ಇದೆ.

ಹಾಗಿದ್ದರೆ "ಭಾರತೀಯರದು ಚಕ್ರ, ಅವರದು ಗೆರೆ" ಎಂಬ ಮಾತು ಎಲ್ಲಿಂದ ಬಂತು? ಕ್ರೈಸ್ತ ಚಿಂತಕ ಅಗಸ್ಟೀನ್, ಸುಮಾರು 1600 ವರ್ಷಗಳ ಹಿಂದೆ, ಲೋಕ ಮತ್ತೆ ಮತ್ತೆ ಹಾಗೆಯೇ ಸುತ್ತುತ್ತದೆ ಎಂಬ ಗ್ರೀಕ್ ವಿಚಾರವನ್ನು ಬಲವಾಗಿ ವಿರೋಧಿಸಿದ. ಕ್ರಿಸ್ತ ಸತ್ತದ್ದು ಒಂದೇ ಸಲ, ಅದು ಮತ್ತೆ ನಡೆಯುವ ನಾಟಕವಲ್ಲ ಎಂಬುದು ಅವನ ವಾದ. ಇಪ್ಪತ್ತನೇ ಶತಮಾನದಲ್ಲಿ ಮಿರ್ಸಿಯಾ ಎಲಿಯಾಡ್ ಎಂಬ ವಿದ್ವಾಂಸ, ಪ್ರಾಚೀನ ಸಮಾಜಗಳು ಹಬ್ಬದ ಮೂಲಕ ಆದಿಕಾಲಕ್ಕೆ ಮರಳುತ್ತವೆ, ಯಹೂದಿ ಮತ್ತು ಕ್ರೈಸ್ತ ಧರ್ಮಗಳು ಇತಿಹಾಸಕ್ಕೆ ಬೆಲೆ ಕೊಟ್ಟವು ಎಂದು ಬರೆದ. ಅಲ್ಲಿಂದ ಅದು ಪಠ್ಯಪುಸ್ತಕಗಳಿಗೆ ಇಳಿಯಿತು. ಇದನ್ನು ಒಪ್ಪದವರಲ್ಲಿ ಮುಖ್ಯರು ಇತಿಹಾಸಕಾರ್ತಿ ರೊಮಿಲಾ ಥಾಪರ್. ಪ್ರಾಚೀನ ಭಾರತದಲ್ಲಿ ವಂಶಾವಳಿ, ಶಾಸನ, ಶಕೆಗಳ ಮೂಲಕ ಗೆರೆಯಾಗಿ ಸಾಗುವ ಕಾಲದ ಲೆಕ್ಕವೂ ಚಕ್ರದ ಜೊತೆಗೇ ಇತ್ತು ಎಂದು ಅವರು ತೋರಿಸಿದರು.

ಇದಕ್ಕೆ ಸಾಕ್ಷಿ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲೇ ಇದೆ. ಮೇಗುಟಿಯ ಜೈನ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನ ತನ್ನ ಕಾಲವನ್ನು ಎರಡು ರೀತಿಯಲ್ಲಿ ಹೇಳುತ್ತದೆ: ಭಾರತ ಯುದ್ಧವಾಗಿ 3735 ವರ್ಷ, ಶಕ ವರ್ಷ 556. ನಮ್ಮ ಲೆಕ್ಕದಲ್ಲಿ ಅದು ಸಾಮಾನ್ಯ ಶಕ 634. ಮೊದಲ ಸಂಖ್ಯೆ ಕಲಿಯುಗದ ಎಣಿಕೆಗೆ ಸೇರಿದ್ದು, ಅಂದರೆ ಮಹಾಚಕ್ರದ ಒಂದು ಭಾಗ. ಎರಡನೆಯದು ಕೇವಲ ಒಂದರ ಮುಂದೆ ಒಂದು ಸೇರುತ್ತ ಹೋಗುವ ಎಣಿಕೆ. ಒಬ್ಬ ಜೈನ ಕವಿ ಎರಡನ್ನೂ ಒಂದೇ ಕಡೆ ಬರೆದ. ಅವನಿಗೆ ಅದರಲ್ಲಿ ವಿರೋಧ ಕಾಣಲಿಲ್ಲ.

ಅತ್ತ ಕಡೆಯೂ ನೋಡಿ. ಯಹೂದಿಗಳ ಪಸ್ಕ ಹಬ್ಬ ಈಜಿಪ್ಟಿನ ಗುಲಾಮಗಿರಿಯಿಂದ ಅವರ ಜನ ಹೊರಬಂದ ನೆನಪು. ಒಮ್ಮೆ ನಡೆದ ಬಿಡುಗಡೆ, ಆದ್ದರಿಂದ ಗೆರೆಯ ಮೇಲಿನ ಒಂದು ಚುಕ್ಕೆ ಎನ್ನಬಹುದು. ಆದರೆ ಅದನ್ನು ಆಚರಿಸುವುದು ವಸಂತ ಮಾಸದ ಹುಣ್ಣಿಮೆಯ ಹೊತ್ತಿಗೆ. ವಸಂತದಲ್ಲೇ ಬರಬೇಕು ಎಂಬುದು ಅವರ ಗ್ರಂಥದ ವಿಧಿ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365 ಚಿಲ್ಲರೆ. ವರ್ಷಕ್ಕೆ ಸುಮಾರು 11 ದಿನ ಕೊರತೆ. ಬಿಟ್ಟರೆ ಹಬ್ಬ ಕೆಲವೇ ವರ್ಷಗಳಲ್ಲಿ ಚಳಿಗಾಲಕ್ಕೆ ಜಾರುತ್ತದೆ. ಹಿಂದೆ ಜೆರುಸಲೇಮಿನ ಹಿರಿಯರು ಜವೆಗೋಧಿಯ ತೆನೆ ಬಲಿತಿದೆಯೇ ಎಂದು ನೋಡಿ, ಬಲಿಯದಿದ್ದರೆ ಒಂದು ತಿಂಗಳು ಸೇರಿಸುತ್ತಿದ್ದರು. ಈಗ ಲೆಕ್ಕ ಖಾಯಂ ಆಗಿದೆ: 19 ವರ್ಷಗಳಲ್ಲಿ ಏಳು ಸಲ ಅಧಿಕ ಮಾಸ. ನಮ್ಮ ಪಂಚಾಂಗದ ಅಧಿಕ ಮಾಸವೂ ಹುಟ್ಟಿದ್ದು ಇದೇ ಕೊರತೆಯಿಂದ. ಹೊಲದ ತೆನೆ ಪ್ರತಿ ವರ್ಷ ಬಲಿಯುತ್ತದೆ, ಬಿಡುಗಡೆ ಒಮ್ಮೆ ಆಯಿತು. ಎರಡನ್ನೂ ಒಂದೇ ಹಬ್ಬದಲ್ಲಿ ಕಟ್ಟಿದ್ದಾರೆ.

ಆ ರಾತ್ರಿಯ ಊಟದ ಕ್ರಮದಲ್ಲಿ ನಮಗೆ ಹತ್ತಿರವಾದ ಒಂದು ಸಂಗತಿ ಇದೆ. ಹಿಂದೆ ನಮ್ಮ ಅಜ್ಜಂದಿರು ಹೊರಬಂದರು ಎಂದಷ್ಟೇ ಹೇಳಿದರೆ ಸಾಲದು. ತಾನೇ ಗುಲಾಮಗಿರಿಯಿಂದ ಹೊರಬಂದೆ ಎಂದು ಪ್ರತಿ ತಲೆಮಾರಿನ ಪ್ರತಿಯೊಬ್ಬರೂ ಭಾವಿಸಬೇಕು. ಮನೆಯ ಚಿಕ್ಕ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಕಥೆ ಹೇಳಬೇಕು. ಕಹಿ ಸೊಪ್ಪನ್ನು ತಿಂದು ಹಳೆಯ ಕಷ್ಟವನ್ನು ನಾಲಿಗೆಗೆ ತರಬೇಕು. ನಮ್ಮಲ್ಲೂ ಪ್ರತಿ ಅಕ್ಟೋಬರಿನಲ್ಲಿ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಎದ್ದು ನಿಂತು ಹೇಳುತ್ತೇವಲ್ಲ, 1956ರಲ್ಲಿ ಇನ್ನೂ ಹುಟ್ಟದ ಮಕ್ಕಳೂ ಹೇಳುತ್ತಾರಲ್ಲ, ಅದೂ ಇದೇ ಬಗೆಯದು. ನಾನು ಹೊಸ ಜನ್ಮ ಪಡೆಯುತ್ತಿದ್ದೇನೆ ಎಂಬ ಪ್ರತಿಜ್ಞೆಯನ್ನು ಮಗು ತನ್ನ ಬಾಯಲ್ಲೇ, ತನ್ನ ಹೆಸರಿನಲ್ಲೇ ಹೇಳುತ್ತದೆ.

ಇಸ್ಲಾಂ ಮಾತ್ರ ಬೇರೆ ದಾರಿ ಹಿಡಿಯಿತು. ಅಧಿಕ ಮಾಸ ಸೇರಿಸುವುದನ್ನು ಕುರಾನ್ ನಿಷೇಧಿಸಿತು. ಹೀಗಾಗಿ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಮೊಹರಂ ಮಾಡುವವರಿಗೆ ಇದು ಗೊತ್ತೇ ಇದೆ. ಒಂದು ಕಾಲಕ್ಕೆ ಸುಗ್ಗಿಯಲ್ಲಿ ಬಂದ ಹಬ್ಬ ಮುಂದೊಂದು ಕಾಲಕ್ಕೆ ಮಳೆಗಾಲದಲ್ಲಿ ಬರುತ್ತದೆ. ಹಬ್ಬವನ್ನು ಬೆಳೆಯಿಂದ, ಋತುವಿನಿಂದ ಪೂರ್ತಿ ಬಿಡಿಸಿದ ಕ್ಯಾಲೆಂಡರ್ ಇದು. ಆದರೂ ಚಂದ್ರನ ಸುತ್ತು ಉಳಿದೇ ಇದೆ. ಕ್ರೈಸ್ತರ ಈಸ್ಟರ್ ಕೂಡ ವಸಂತದ ಹುಣ್ಣಿಮೆಯ ನಂತರದ ಭಾನುವಾರ. ಆದ್ದರಿಂದಲೇ ಕ್ರಿಸ್ಮಸ್ ಹಾಗೆ ಅದಕ್ಕೆ ಒಂದೇ ತಾರೀಖು ಇಲ್ಲ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ್ದು ಚಕ್ರವೋ ಗೆರೆಯೋ ಎಂದಲ್ಲ, ಆ ಚಕ್ರವನ್ನು ತಿರುಗಿಸುವುದು ಯಾವುದು ಎಂದು. ಇಲ್ಲಿ ಯುಗಗಳ ಲೆಕ್ಕವನ್ನೂ ಬುದ್ಧರ ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಪುರಾಣಗಳ ಪ್ರಕಾರ ಕಲಿಯುಗಕ್ಕೆ 4,32,000 ವರ್ಷ. ನಾಲ್ಕು ಯುಗ ಸೇರಿ 43,20,000. ಅವಧಿ ಮೊದಲೇ ಗೊತ್ತಾಗಿದೆ, ಧರ್ಮ ಎಷ್ಟು ಪಾಲು ಉಳಿಯುತ್ತದೆ ಎಂಬುದೂ ಗೊತ್ತಾಗಿದೆ. ಮನುಷ್ಯರು ಏನು ಮಾಡಿದರೂ ಗಡಿಯಾರ ತನ್ನ ಪಾಡಿಗೆ ಇಳಿಯುತ್ತದೆ. ಈ ಇಳಿತದ ಗುರುತುಗಳೆಂದು ಪುರಾಣಗಳು ಕೊಡುವ ಪಟ್ಟಿಯನ್ನು ನೋಡಿ: ವರ್ಣಗಳು ಬೆರೆಯುತ್ತವೆ, ಶೂದ್ರರು ಆಳುತ್ತಾರೆ, ವೇದದ ಅಧಿಕಾರ ಕುಂದುತ್ತದೆ. ನಮಗೆ ಯಾವುದು ಮೇಲಕ್ಕೇರಿದಂತೆ ಕಾಣುತ್ತದೋ ಅದೇ ಅಲ್ಲಿ ಲೋಕ ಕೆಟ್ಟಿತೆಂಬುದಕ್ಕೆ ಸಾಕ್ಷಿ. ಊರ ಕಟ್ಟೆಯ ಮೇಲೆ ಯಾರಾದರೂ ನಿಟ್ಟುಸಿರು ಬಿಟ್ಟು "ಕಲಿಕಾಲ" ಎಂದಾಗ ಯಾವುದನ್ನು ನೋಡಿ ಹಾಗೆ ಹೇಳಿದರು ಎಂದು ಗಮನಿಸಿ.

ಬೌದ್ಧರಲ್ಲೂ ಕಲ್ಪಗಳ ಮಾತಿದೆ, ಲೋಕ ಹರಡುವುದು ಮುದುಡುವುದು ಇದೆ. ಚಕ್ರವೇ ಇಲ್ಲ ಎಂದು ನಾವು ಹೇಳಲಾರೆವು. ಆದರೆ ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತ ಓದಿದರೆ ಇಳಿತ ಹೇಗೆ ಶುರುವಾಗುತ್ತದೆ ಎಂಬುದು ಗೊತ್ತಾಗುತ್ತದೆ. ಒಬ್ಬ ರಾಜ ರಾಜ್ಯವನ್ನು ಕಾಯುತ್ತಾನೆ, ಆದರೆ ಬಡವರಿಗೆ ಧನ ಕೊಡುವುದಿಲ್ಲ. ಬಡತನ ಹೆಚ್ಚುತ್ತದೆ. ಬಡತನದಿಂದ ಕಳವು ಹುಟ್ಟುತ್ತದೆ. ಕಳ್ಳನಿಗೆ ಮರಣದಂಡನೆ ಶುರುವಾದಾಗ ಕಳ್ಳರೂ ಆಯುಧ ಹಿಡಿಯುತ್ತಾರೆ, ಕೊಲೆ ಹುಟ್ಟುತ್ತದೆ, ತಪ್ಪಿಸಿಕೊಳ್ಳಲು ಸುಳ್ಳು ಹುಟ್ಟುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಮನುಷ್ಯರ ಆಯುಷ್ಯ 80,000 ವರ್ಷದಿಂದ ಹತ್ತು ವರ್ಷಕ್ಕೆ ಬರುತ್ತದೆ. ಆಮೇಲೆ ಕೆಲವರು ಕೂಡಿ, ಇನ್ನು ಕೊಲ್ಲುವುದು ಬೇಡ ಎಂದು ನಿಶ್ಚಯಿಸುತ್ತಾರೆ. ಆಯುಷ್ಯ ಮತ್ತೆ ಏರತೊಡಗುತ್ತದೆ.

ಆ ಸಂಖ್ಯೆಗಳನ್ನು ಇತಿಹಾಸವೆಂದು ನಾನು ತೆಗೆದುಕೊಳ್ಳುವುದಿಲ್ಲ, ನೀವೂ ತೆಗೆದುಕೊಳ್ಳಬೇಕಿಲ್ಲ. ಗಮನಿಸಬೇಕಾದ್ದು ಕಾರಣ. ಇಲ್ಲಿಯೂ ಚಕ್ರ ತಿರುಗುತ್ತದೆ, ಆದರೆ ಅದನ್ನು ಇಳಿಸಿದ್ದು ಬಡವರ ಪಾಲನ್ನು ತಡೆದ ಆಡಳಿತ, ಏರಿಸಿದ್ದು ಮನುಷ್ಯರ ಶೀಲ. ಇಷ್ಟು ವರ್ಷವಾದ ಮೇಲೆ ತಾನೇ ಬದಲಾಗುತ್ತದೆ ಎಂಬ ಅವಧಿ ಎಲ್ಲಿಯೂ ಹೇಳಿಲ್ಲ. ಎರಡೂ ಚಕ್ರವೇ, ಆದರೆ ಒಂದರಲ್ಲಿ ನಾವು ಕಾಯಬೇಕು, ಇನ್ನೊಂದರಲ್ಲಿ ಮಾಡಬೇಕು. "ಭಾರತೀಯ ಕಾಲ" ಎಂದು ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಈ ವ್ಯತ್ಯಾಸ ಕಾಣೆಯಾಗುತ್ತದೆ. ಸಂಕಿರಣದಲ್ಲಿ ನನ್ನ ತಕರಾರು ಇದೇ.

ಅಶೋಕನ ಶಾಸನಗಳಲ್ಲಿ ಈ ಎರಡೂ ಕಾಲ ಒಟ್ಟಿಗೆ ಸಿಗುತ್ತವೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಶಾಸನವನ್ನು ಅಶೋಕ ಎಂಬ ಹೆಸರು ಸಿಕ್ಕಿದ ಕಾರಣಕ್ಕೆ ಎಲ್ಲರೂ ನೆನೆಯುತ್ತಾರೆ. ನನಗೆ ಅದರ ಇನ್ನೊಂದು ಮಾತು ಹೆಚ್ಚು ಮುಖ್ಯ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಸಂಘದ ಹತ್ತಿರ ಬಂದು ಒಂದು ವರ್ಷ ದಾಟಿತು ಎಂದು ರಾಜನೇ ಹೇಳಿಕೊಳ್ಳುತ್ತಾನೆ. ತಾನು ಧಮ್ಮಕ್ಕೆ ಬಂದ ದಿನದಿಂದ ವರ್ಷ ಎಣಿಸಿದ ಒಬ್ಬ ಮನುಷ್ಯ. ನಮ್ಮ ಹಿರಿಯರು "ನಾವು ದೀಕ್ಷೆ ತಗೊಂಡು ಇಷ್ಟು ವರ್ಷ ಆಯ್ತು" ಎನ್ನುವ ಹಾಗೆಯೇ. ಕಳಿಂಗ ಯುದ್ಧದ ಕಾಲವನ್ನೂ ಅವನು ಪಟ್ಟವೇರಿ ಎಂಟು ವರ್ಷವಾದಾಗ ಎಂದು ಹೇಳುತ್ತಾನೆ. ಇದೆಲ್ಲ ಗೆರೆ.

ಅದೇ ಅಶೋಕ ಇನ್ನೊಂದು ಸ್ತಂಭಶಾಸನದಲ್ಲಿ ಹುಣ್ಣಿಮೆ, ಅದರ ಹಿಂದಿನ ದಿನ, ಮುಂದಿನ ದಿನ ಮತ್ತು ಉಪೋಸಥದ ದಿನಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು ಎಂದು ಆಜ್ಞೆ ಮಾಡುತ್ತಾನೆ. ಇದು ಚಕ್ರ. ಉಪೋಸಥದ ಹಿಂದೆಯೂ ಒಂದು ಸ್ವಾರಸ್ಯವಿದೆ. ವಿನಯಪಿಟಕದ ಮಹಾವಗ್ಗದ ಪ್ರಕಾರ ಪಕ್ಷದ ಎಂಟು, ಹದಿನಾಲ್ಕು, ಹದಿನೈದನೇ ದಿನಗಳಲ್ಲಿ ಕೂಡುವ ರೂಢಿ ಮೊದಲು ಬೇರೆ ಪಂಥದ ಪರಿವ್ರಾಜಕರದು. ಜನ ಅವರ ಮಾತು ಕೇಳಲು ಹೋಗುತ್ತಿದ್ದರು. ನಮ್ಮ ಭಿಕ್ಖುಗಳೂ ಆ ದಿನಗಳಲ್ಲಿ ಕೂಡಿದರೆ ಒಳ್ಳೆಯದಲ್ಲವೇ ಎಂದು ರಾಜ ಬಿಂಬಿಸಾರ ಸೂಚಿಸಿದ. ಬುದ್ಧರು ಒಪ್ಪಿದರು. ಆದರೆ ಆ ದಿನ ಏನು ನಡೆಯಬೇಕು ಎಂಬುದನ್ನು ತಾವೇ ಗೊತ್ತುಮಾಡಿದರು: ಧಮ್ಮದ ಮಾತು, ಮತ್ತು ಭಿಕ್ಖುಗಳು ಪಾತಿಮೊಕ್ಖವನ್ನು ಹೇಳಿ ತಮ್ಮ ನಡತೆ ಶುದ್ಧವೆಂದು ಸಂಘದ ಮುಂದೆ ನಿಲ್ಲುವುದು. ದಿನವನ್ನು ಇದ್ದದ್ದರಿಂದಲೇ ತೆಗೆದುಕೊಂಡರು, ಅದರ ಒಳಗಿನ ಕೆಲಸವನ್ನು ಬದಲಿಸಿದರು.

ಬಾಬಾಸಾಹೇಬರು ವಿಜಯದಶಮಿಯನ್ನು ಆರಿಸಿದ್ದನ್ನು ನಾನು ಈ ಬೆಳಕಿನಲ್ಲಿ ನೋಡುತ್ತೇನೆ. ಊರೆಲ್ಲ ಆಯುಧಕ್ಕೆ ಪೂಜೆ ಮಾಡಿ, ಬನ್ನಿ ಹಂಚಿ, ಯುದ್ಧದ ವಿಜಯವನ್ನು ಆಚರಿಸುವ ಹೊತ್ತಿನಲ್ಲೇ, ಯುದ್ಧವನ್ನು ಬಿಟ್ಟು ಧಮ್ಮವಿಜಯವೇ ದೊಡ್ಡದೆಂದ ಅಶೋಕನ ಹೆಸರನ್ನು ಆ ದಶಮಿಗೆ ಇಟ್ಟರು. ಕಳಿಂಗದ ನಂತರ ಅಶೋಕ ಮನಸ್ಸು ಬದಲಿಸಿದ ಸಂಗತಿ ಶಾಸನದಲ್ಲಿದೆ, ಯಾವ ತಿಥಿಯಲ್ಲಿ ಎಂದು ಶಾಸನ ಹೇಳುವುದಿಲ್ಲ. ದಶಮಿಯ ಜೊತೆಗಿನ ನಂಟು ನಮ್ಮ ಪರಂಪರೆಯದು. ಪಸ್ಕವನ್ನು ವಸಂತಕ್ಕೆ ಕಟ್ಟಿದ ಹಾಗೆ, ಉಪೋಸಥವನ್ನು ಹುಣ್ಣಿಮೆಗೆ ಕಟ್ಟಿದ ಹಾಗೆ, ಇದನ್ನೂ ಕಟ್ಟಲಾಗಿದೆ. ಕಟ್ಟಿದ್ದು ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ. ಹಬ್ಬಗಳೆಲ್ಲ ಹೀಗೆ ಯಾರೋ ಕಟ್ಟಿದವೇ.

ಈಗ ನಮ್ಮ ಜಗಳಕ್ಕೆ ಬರೋಣ. ತಿಥಿ ಹಿಡಿದರೆ ಏನಾಗುತ್ತದೆ? ವಿಜಯದಶಮಿ 2022ರಲ್ಲಿ ಅಕ್ಟೋಬರ್ 5ಕ್ಕೆ ಬಂತು. 2023ರಲ್ಲಿ ಶ್ರಾವಣ ಅಧಿಕ ಮಾಸವಾದ್ದರಿಂದ 24ಕ್ಕೆ ಜಿಗಿಯಿತು. 2024ರಲ್ಲಿ 12, 2025ರಲ್ಲಿ ಅಕ್ಟೋಬರ್ 2. 2020ರಲ್ಲಿ ಇನ್ನೂ ವಿಚಿತ್ರ. ಆಶ್ವಯುಜವೇ ಅಧಿಕವಾದ್ದರಿಂದ ಅಕ್ಟೋಬರ್ 14ರಂದು ಪಂಚಾಂಗದ ಪ್ರಕಾರ ಇನ್ನೂ ಅಧಿಕ ಮಾಸ ನಡೆಯುತ್ತಿತ್ತು. "ಅಶುಭ" ಎಂದು ಮದುವೆ, ಮುಂಜಿಗಳನ್ನು ನಿಲ್ಲಿಸುವ ತಿಂಗಳು ಅದು. ನಮ್ಮ ದೀಕ್ಷಾ ದಿನ ಆ ತಿಂಗಳಲ್ಲಿ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಮಕ್ಕಳಿಗೆ ಶುಭ ಅಶುಭ ಲೆಕ್ಕದ ಬಗ್ಗೆ ಹೇಳುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ತಿಥಿ ಹಿಡಿದರೂ ಎಲ್ಲ ಬೌದ್ಧರು ಒಂದೇ ದಿನ ಸೇರುತ್ತಾರೆ ಎಂದೇನೂ ಇಲ್ಲ. 2023ರಲ್ಲಿ ನಾವು ಬುದ್ಧ ಪೂರ್ಣಿಮೆಯನ್ನು ಮೇ 5ರಂದು ಮಾಡಿದೆವು, ಶ್ರೀಲಂಕಾದಲ್ಲೂ ಅಂದೇ. ಥಾಯ್ಲೆಂಡಿನಲ್ಲಿ ಮಾಡಿದ್ದು ಜೂನ್ 3ಕ್ಕೆ, ಅಂದರೆ ಮುಂದಿನ ಹುಣ್ಣಿಮೆಗೆ. ಅಧಿಕ ಮಾಸವಿರುವ ವರ್ಷದಲ್ಲಿ ಆ ಹಬ್ಬವನ್ನು ಒಂದು ತಿಂಗಳು ಮುಂದೆ ಹಾಕುವುದು ಅವರ ರೂಢಿ. ಚಂದ್ರ ಒಬ್ಬನೇ, ಎಣಿಸುವ ನಿಯಮ ಬೇರೆ. ಬುದ್ಧವರ್ಷ 2500 ಕೂಡ ನಮಗೆ 1956ರಲ್ಲಿ ಬಂದರೆ ಅವರಿಗೆ 1957ರಲ್ಲಿ ಬಂತು. ನಡೆಯುತ್ತಿರುವ ವರ್ಷವನ್ನು ಎಣಿಸುವುದೋ, ಮುಗಿದ ವರ್ಷವನ್ನು ಎಣಿಸುವುದೋ ಎಂಬಷ್ಟೇ ವ್ಯತ್ಯಾಸ.

ತಾರೀಖು ಹಿಡಿದರೆ ಈ ಗೊಂದಲ ಇಲ್ಲ. ಏಪ್ರಿಲ್ 14, ಡಿಸೆಂಬರ್ 6ರ ಹಾಗೆ ಅಕ್ಟೋಬರ್ 14 ಎಂದಿಗೂ ಕದಲುವುದಿಲ್ಲ. ಪಂಚಾಂಗ ನೋಡಲು ಯಾರನ್ನೂ ಕೇಳಬೇಕಿಲ್ಲ, ಮತ್ತು ಇದು ಸಣ್ಣ ಮಾತಲ್ಲ. ದಿನ ಗೊತ್ತುಮಾಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ನಮ್ಮ ಹಿರಿಯರು ಮರೆತಿಲ್ಲ. ಇನ್ನೊಂದು ಕಡೆ, ದಸರೆಗೆ ರಜೆ ಇದೆ, ಅಕ್ಟೋಬರ್ 14ಕ್ಕೆ ಇಲ್ಲ. ಗಾರೆ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಪೌರಕಾರ್ಮಿಕರು ವಾರದ ನಡುವೆ ಸಂಬಳ ಬಿಟ್ಟು ಬರಲಾರರು. ದೀಕ್ಷಾಭೂಮಿಯಲ್ಲಿ ಅಶೋಕ ವಿಜಯದಶಮಿಯಂದು ಅಷ್ಟು ಜನ ಸೇರುವುದಕ್ಕೆ ರಜೆಯೂ ಒಂದು ಕಾರಣ ಎಂದೇ ನನ್ನ ಎಣಿಕೆ.

ನಮ್ಮ ಬಳಗದಲ್ಲಿ ಎರಡನ್ನೂ ಉಳಿಸಿಕೊಳ್ಳೋಣ ಎಂಬುದು ನನ್ನ ಮತ. ಅಕ್ಟೋಬರ್ 14ರ ಸಂಜೆ ಮನೆಮನೆಗಳಲ್ಲಿ ದೀಪ ಹಚ್ಚಿ ತ್ರಿಸರಣ, ಪಂಚಶೀಲ ಮತ್ತು ಇಪ್ಪತ್ತೆರಡು ಪ್ರತಿಜ್ಞೆ. ದಶಮಿಯ ರಜೆಯಂದು ವಿಹಾರದಲ್ಲಿ ಸಭೆ, ಊಟ, ಮತ್ತು ಹಿರಿಯರಿಂದ ದೀಕ್ಷೆಯ ನೆನಪುಗಳು. ಪ್ರಶ್ನೆ ಮಾತ್ರ ಚಿಕ್ಕ ಮಕ್ಕಳೇ ಕೇಳಲಿ. ಆ ಒಂದು ಕ್ರಮವನ್ನು ಯಹೂದಿಗಳಿಂದ ಕಲಿತರೆ ನಷ್ಟವಿಲ್ಲ. ಬೇರೆ ಅಭಿಪ್ರಾಯವಿದ್ದವರು ಭಾನುವಾರದ ತರಗತಿಯಲ್ಲಿ ಹೇಳಿ.

ಕೊನೆಗೆ, ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ ಒಂದು ಸಂಗತಿ. 235 ಚಾಂದ್ರಮಾಸಗಳೂ 19 ಸೌರವರ್ಷಗಳೂ ಹೆಚ್ಚುಕಡಿಮೆ ಒಂದೇ ಅಳತೆ, ಎರಡೂ 6939 ದಿನ ಚಿಲ್ಲರೆ. ಆದ್ದರಿಂದ 19 ವರ್ಷಕ್ಕೊಮ್ಮೆ ತಿಥಿ ಮತ್ತು ತಾರೀಖು ಮತ್ತೆ ಕೂಡುತ್ತವೆ, ಒಂದು ದಿನ ಆಚೀಚೆ ಆಗಬಹುದು. 1956ಕ್ಕೆ 19 ಕೂಡಿಸುತ್ತ ಹೋದರೆ 1975, 1994, 2013. ಮುಂದಿನದು 2032. ಆ ವರ್ಷ ಅಕ್ಟೋಬರ್ 14 ಗುರುವಾರ ಬರುತ್ತದೆ, ವಿಜಯದಶಮಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ಆ ವರ್ಷ ಎರಡು ಸಲ ಅಡುಗೆ ಮಾಡುವ ಕೆಲಸ ಬಹುಶಃ ತಪ್ಪುತ್ತದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.